ಸೋಮವಾರದ ಪಟ್ಟಿಗೆ ಯಾರ ಹೆಸರು?

ಒಬ್ಬರು ಕೇಳಿದ್ದಾರೆ: “ಪುಣೆಯಲ್ಲಿ ನಮ್ಮದು ಬಿಲ್ಲಿಂಗ್ ಸಾಫ್ಟ್‌ವೇರ್. ಬಿಟ್ಟು ಹೋಗುವಂತಿರುವ ಗ್ರಾಹಕರ ಪಟ್ಟಿಯನ್ನು ಪ್ರತಿ ಸೋಮವಾರ ಅಕೌಂಟ್ ಮ್ಯಾನೇಜರ್‌ಗಳಿಗೆ ಕೊಡೋದು ಹೇಗೆ?”

ಒಬ್ಬ ಗ್ರಾಹಕರನ್ನು ಇನ್ನೊಬ್ಬರ ಜೊತೆ ಹೋಲಿಸಬೇಡಿ, ಅವರದೇ ಹಳೆಯ ಬಳಕೆ ಜೊತೆ ಹೋಲಿಸಿ. ಕಳೆದ 2 ವಾರದ ಸರಾಸರಿ ಒಂದು ಕಡೆ, ಅದಕ್ಕೂ ಹಿಂದಿನ 8 ವಾರದ್ದು ಇನ್ನೊಂದು ಕಡೆ. ಲಾಗಿನ್ ಎಣಿಸಿದರೆ ಸಾಲದು. ಎಷ್ಟು ಬಿಲ್ ಆಯಿತು, ಎಷ್ಟು ಜನ ಮಾಡಿದರು, ಎರಡನ್ನೂ ನೋಡಿ.

ಭೋಸರಿಯ ಒಂದು ವರ್ಕ್‌ಶಾಪ್ ಅಂದುಕೊಳ್ಳಿ. ಮೊದಲು ವಾರಕ್ಕೆ 40 ಬಿಲ್, ಮಾಡುತ್ತಿದ್ದವರು 5 ಜನ. ಈಗ 37 ಬಿಲ್, ಆದರೆ ಒಬ್ಬರೇ. ಬಿಲ್ ಲೆಕ್ಕ ಮಾತ್ರ ನೋಡಿದರೆ ಎಲ್ಲ ಸರಿ ಇದೆ ಅನಿಸುತ್ತದೆ, ಅಲ್ವಾ? ಆ ಒಬ್ಬರು ಕೆಲಸ ಬಿಟ್ಟರೆ ನಿಮ್ಮ ಸಾಫ್ಟ್‌ವೇರ್ ಕೂಡ ಅಲ್ಲಿಂದ ಹೋಗಬಹುದು. ನನಗೆ ಇದೇ ಜಾಸ್ತಿ ಭಯದ ಸೂಚನೆ.

ಗಣೇಶ ಹಬ್ಬದ ವಾರ ಎಲ್ಲರ ಬಳಕೆಯೂ ಇಳಿದು ಪಟ್ಟಿ ಸುಮ್ನೆ ಉದ್ದವಾಗುತ್ತದೆ. ಆಗ ಎಲ್ಲ ಗ್ರಾಹಕರ ಇಳಿಕೆ ಸಾಮಾನ್ಯವಾಗಿ 30% ಇದ್ದರೆ, ಅದಕ್ಕಿಂತ ತುಂಬಾ ಜಾಸ್ತಿ ಇಳಿದವರನ್ನು ಮಾತ್ರ ಇಟ್ಟುಕೊಳ್ಳಿ.

ಒಬ್ಬ ಮ್ಯಾನೇಜರ್‌ಗೆ 8-10 ಹೆಸರು ಸಾಕು. ಪಕ್ಕದಲ್ಲಿ ಅಂಕ ಬರೆಯುವ ಬದಲು ಕಾರಣ ಬರೆಯಿರಿ: “ಬಳಸುವವರು 5ರಿಂದ 1ಕ್ಕೆ ಇಳಿದಿದ್ದಾರೆ, ನವೀಕರಣಕ್ಕೆ 6 ವಾರ ಇದೆ”. ಅದನ್ನು ಓದಿದವರು ಫೋನ್ ಎತ್ತುತ್ತಾರೆ.