ಹತ್ತು ಸಾವಿರ ಹೆಜ್ಜೆಯ ಲೆಕ್ಕ

ಓದುಗರ ಪತ್ರ: “ನನಗೆ 66 ವರ್ಷ. ಬೆಳಗಿನ ವಾಕಿಂಗ್ ಮತ್ತು ಮನೆಯ ಓಡಾಟ ಸೇರಿ ಸಂಜೆ ವೇಳೆಗೆ ಕೈಗಡಿಯಾರದಲ್ಲಿ ಆರೂವರೆ ಸಾವಿರ ಹೆಜ್ಜೆ ಕಾಣಿಸುತ್ತದೆ. ಹತ್ತು ಸಾವಿರ ತುಂಬಿಸಲು ರಾತ್ರಿ ಊಟದ ನಂತರ ಹಾಲ್‌ನಲ್ಲೇ ಸುತ್ತು ಹಾಕುತ್ತೇನೆ. ಈಚೆಗೆ ಮಂಡಿ ನೋಯುತ್ತಿದೆ. ಇಷ್ಟು ನಡೆಯಲೇಬೇಕೆ?”

ಸಂಪಾದಕರ ಉತ್ತರ:

ಬೇಕಿಲ್ಲ. ನಿಮ್ಮ ವಯಸ್ಸಿನವರಿಗೆ ಆರೂವರೆ ಸಾವಿರ ಹೆಜ್ಜೆ ಕಡಿಮೆಯೇನಲ್ಲ. ಅದಕ್ಕೆ ಕಾರಣಗಳನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹತ್ತು ಸಾವಿರ ಎಂಬ ಸಂಖ್ಯೆ ಹುಟ್ಟಿದ್ದು ಜಪಾನಿನಲ್ಲಿ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, ಅಂದರೆ 1965ರಲ್ಲಿ, ಯಮಾಸಾ ಎಂಬ ಗಡಿಯಾರದ ಕಂಪನಿಯು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಮಾಪಕವೊಂದನ್ನು ಮಾರುಕಟ್ಟೆಗೆ ತಂದು, ಅದಕ್ಕೆ ‘ಮಾನ್ಪೊಕೆಯ್’ ಎಂದು ಹೆಸರಿಟ್ಟಿತು. ಜಪಾನಿ ಭಾಷೆಯಲ್ಲಿ ‘ಮಾನ್’ ಎಂದರೆ ಹತ್ತು ಸಾವಿರ, ‘ಪೊ’ ಎಂದರೆ ಹೆಜ್ಜೆ, ‘ಕೆಯ್’ ಎಂದರೆ ಅಳೆಯುವ ಸಾಧನ. ನಮ್ಮಲ್ಲಿ ನೂರು, ಸಾವಿರ, ಲಕ್ಷಗಳಿಗೆ ಇರುವಂತೆ ಅವರಲ್ಲಿ ಹತ್ತು ಸಾವಿರಕ್ಕೇ ಪ್ರತ್ಯೇಕವಾದ ಒಂದು ಪದವಿದೆ, ಒಂದೇ ಅಕ್ಷರವಿದೆ. ಆ ಅಕ್ಷರವನ್ನು ಬರೆದರೆ ಕಾಲು ಮುಂದಿಟ್ಟು ನಡೆಯುವ ಮನುಷ್ಯನಂತೆ ಕಾಣುತ್ತದೆ ಎನ್ನುವವರೂ ಇದ್ದಾರೆ. ನೆನಪಿನಲ್ಲಿ ಉಳಿಯುವ ದುಂಡು ಸಂಖ್ಯೆಯಾದ್ದರಿಂದ ಅದು ಹರಡಿತು. ಇಷ್ಟು ನಡೆದರೆ ಆಯಸ್ಸಿಗೆ ಎಷ್ಟು ಲಾಭ ಎಂದು ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳು ಬಂದದ್ದು ದಶಕಗಳ ನಂತರ.

ಆ ಅಧ್ಯಯನಗಳಲ್ಲಿ ನಿಮಗೆ ಹತ್ತಿರವಾದ ಒಂದನ್ನು ಹೇಳುತ್ತೇನೆ. ಅಮೆರಿಕದಲ್ಲಿ ಐ-ಮಿನ್ ಲೀ ಮತ್ತು ಸಂಗಡಿಗರು ಸರಾಸರಿ 72 ವರ್ಷದ 16,741 ಮಹಿಳೆಯರ ಸೊಂಟಕ್ಕೆ ಒಂದು ವಾರ ಮಾಪಕ ಕಟ್ಟಿಸಿ, ಮುಂದೆ ಸರಾಸರಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅವರನ್ನು ಗಮನಿಸಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುತ್ತಿದ್ದವರಿಗಿಂತ 4,400 ಹೆಜ್ಜೆ ನಡೆಯುತ್ತಿದ್ದವರಲ್ಲಿ ಸಾವಿನ ಸಂಭವ ಶೇಕಡಾ 41ರಷ್ಟು ಕಡಿಮೆಯಿತ್ತು. ಹೆಜ್ಜೆ ಹೆಚ್ಚಿದಂತೆ ಅದು ಇನ್ನೂ ಇಳಿಯಿತು, ಆದರೆ 7,500ರ ಸುಮಾರಿಗೆ ಇಳಿತ ನಿಂತುಹೋಯಿತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಅರವತ್ತು ದಾಟಿದವರಲ್ಲಿ ಈ ಮಟ್ಟ ಆರರಿಂದ ಎಂಟು ಸಾವಿರ ಎಂದೂ, ಅದಕ್ಕಿಂತ ಚಿಕ್ಕವರಲ್ಲಿ ಎಂಟರಿಂದ ಹತ್ತು ಸಾವಿರ ಎಂದೂ ಹೇಳಿತು. ಆದ್ದರಿಂದ ನಲವತ್ತರ ಆಸುಪಾಸಿನ ನಿಮ್ಮ ಮಗನೋ ಮಗಳೋ ಹತ್ತು ಸಾವಿರದ ಗುರಿ ಇಟ್ಟುಕೊಂಡಿದ್ದರೆ ಅದನ್ನು ತಪ್ಪೆನ್ನಲಾರೆ. ಎಲ್ಲ ವಯಸ್ಸಿಗೂ ಅದೇ ಅಳತೆ ಎಂಬುದಕ್ಕಷ್ಟೇ ನನ್ನ ತಕರಾರು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕಡಿಮೆ ನಡೆಯುವವರಲ್ಲಿ ಕೆಲವರು ಆಗಲೇ ಕಾಯಿಲೆಯಿಂದ ಬಳಲುತ್ತಿರುವ ಕಾರಣಕ್ಕೇ ಕಡಿಮೆ ನಡೆಯುತ್ತಿರಬಹುದು. ಸಂಶೋಧಕರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಪ್ರಯತ್ನಿಸಿದರೂ ಪೂರ್ತಿ ಬೇರ್ಪಡಿಸುವುದು ಸಾಧ್ಯವಿಲ್ಲ. ಹಾಗಾಗಿ ಶೇಕಡಾ 41 ಎಂಬುದನ್ನು ನಡಿಗೆಯೊಂದರದೇ ಫಲವೆಂದು ಓದಬಾರದು.

ಈಗ ನಿಮ್ಮ ರಾತ್ರಿಯ ಸುತ್ತುಗಳ ವಿಚಾರಕ್ಕೆ ಬರೋಣ. ಉಳಿದ 3,500 ಹೆಜ್ಜೆಯನ್ನು ಮನೆಯೊಳಗೆ ತುಂಬಿಸಲು ಮುಕ್ಕಾಲು ಗಂಟೆಯಾದರೂ ಬೇಕು. ನಿಮ್ಮ ಹಾಲ್ ಹದಿನಾರು ಅಡಿ ಉದ್ದವಿದೆ ಎಂದುಕೊಂಡರೆ ಪ್ರತಿ ಎಂಟು ಹೆಜ್ಜೆಗೊಮ್ಮೆ ಗೋಡೆ ಎದುರಾಗುತ್ತದೆ, ನೀವು ತಿರುಗಬೇಕಾಗುತ್ತದೆ; ಅಂದರೆ ಒಂದು ರಾತ್ರಿಗೆ ನಾನೂರಕ್ಕೂ ಹೆಚ್ಚು ಬಾರಿ, ಅದೂ ಬಹುಶಃ ಬರಿಗಾಲಿನಲ್ಲಿ, ಗಟ್ಟಿ ನೆಲದ ಮೇಲೆ. ಹಾಗೆ ತಿರುಗುವಾಗ ನೆಲಕ್ಕೂರಿದ ಕಾಲಿನ ಮಂಡಿಯ ಮೇಲೆ ದೇಹದ ಭಾರದ ಜೊತೆಗೆ ತಿರುಚುವ ಒತ್ತಡವೂ ಬೀಳುತ್ತದೆ. ಬೆಳಗಿನ ನೇರ ರಸ್ತೆಯ ನಡಿಗೆಯಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. ನೋವು ಈ ಸುತ್ತುಗಳಿಂದಲೇ ಬಂದಿದೆ ಎಂದು ಇಲ್ಲಿ ಕುಳಿತು ನಾನು ಹೇಳಲಾರೆ, ಆದರೆ ಎರಡು ವಾರ ಅವುಗಳನ್ನು ಬಿಟ್ಟು, ಬೆಳಗಿನ ವಾಕಿಂಗ್ ಮಾತ್ರ ಉಳಿಸಿಕೊಂಡು ನೋಡಿದರೆ ನಿಮಗೇ ತಿಳಿಯುತ್ತದೆ. ಮಂಡಿ ಊದಿಕೊಂಡರೆ, ನಡೆಯುವಾಗ ಹಿಡಿದುಕೊಂಡರೆ ಅಥವಾ ಮೆಟ್ಟಿಲಿಳಿಯುವಾಗ ಕುಸಿದಂತಾದರೆ ಎರಡು ವಾರ ಕಾಯದೆ ಮೂಳೆ ವೈದ್ಯರನ್ನು ಕಾಣಿರಿ.

ಗಡಿಯಾರದ ಎಣಿಕೆಯನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ. ಅಧ್ಯಯನದವರು ಸೊಂಟದಲ್ಲಿ ಅಳೆದರು, ನಿಮ್ಮದು ಮಣಿಕಟ್ಟಿನಲ್ಲಿದೆ. ಕೈಯಲ್ಲಿ ಛತ್ರಿಯನ್ನೋ ತರಕಾರಿ ಚೀಲವನ್ನೋ ಹಿಡಿದು ನಡೆದರೆ ಅದು ಕೆಲವು ಹೆಜ್ಜೆಗಳನ್ನು ಬಿಟ್ಟುಬಿಡಬಹುದು, ಕುಳಿತಲ್ಲೇ ಕೈ ಆಡಿಸುವ ಕೆಲಸವನ್ನು ಹೆಜ್ಜೆಯೆಂದು ಎಣಿಸಲೂಬಹುದು. ಬಾಯಲ್ಲಿ ಎಣಿಸುತ್ತ ಇನ್ನೂರು ಹೆಜ್ಜೆ ನಡೆದು, ಮೊದಲು ಮತ್ತು ಕೊನೆಗೆ ತೋರಿದ ಅಂಕಿಗಳ ವ್ಯತ್ಯಾಸ ನೋಡಿದರೆ ಅದು ಎಷ್ಟು ತಪ್ಪುತ್ತದೆ ಎಂಬ ಅಂದಾಜು ಸಿಗುತ್ತದೆ.

ಗಡಿಯಾರದ ಆ್ಯಪ್‌ನಲ್ಲಿ ದಿನದ ಗುರಿಯನ್ನು ಬದಲಿಸಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ಅಲ್ಲಿ ಏಳು ಸಾವಿರ ಎಂದು ನಮೂದಿಸಿ, ಕೊರತೆಯಾಗುವ ಐನೂರು ಹೆಜ್ಜೆಯನ್ನು ಬೆಳಿಗ್ಗೆಯೇ ರಸ್ತೆಯಲ್ಲಿ ಐದಾರು ನಿಮಿಷ ಹೆಚ್ಚು ನಡೆದು ಮುಗಿಸಿಕೊಳ್ಳಿ.