ಡ್ಯಾಶ್‌ಬೋರ್ಡ್‌ನಲ್ಲಿ ಹಸಿರು ಬಣ್ಣವನ್ನು ಯಾವಾಗ ನಂಬಬಹುದು?

ಪ್ರಶ್ನೆ: ನಮ್ಮ ಪ್ರಾಜೆಕ್ಟ್‌ನ ಒಂದು ಪುಟದ ಡ್ಯಾಶ್‌ಬೋರ್ಡ್ ಕೊನೇ ತಿಂಗಳವರೆಗೂ ಹಸಿರಾಗೇ ಇತ್ತು, ಆಮೇಲೆ ಒಮ್ಮೆಲೇ ಕೆಂಪಾಯ್ತು. ಹೀಗಾಗದಂತೆ ಹೇಗೆ ಮಾಡೋದು?

ಉತ್ತರ: ಬಣ್ಣವನ್ನು ಮ್ಯಾನೇಜರ್ ಆರಿಸಬಾರದು, ಮೊದಲೇ ಒಪ್ಪಿಕೊಂಡ ಅಂಕಿ ಆರಿಸಬೇಕು. ಆ ಅಂಕಿ ಖರ್ಚಿನದ್ದಲ್ಲ, ಮುಗಿದ ಕೆಲಸದ್ದಾಗಿರಬೇಕು.

10 ತಿಂಗಳಲ್ಲಿ 2 ಕೋಟಿಗೆ ಮುಗಿಯಬೇಕಾದ ಒಂದು ಹಾಸ್ಟೆಲ್ ಕಟ್ಟಡ ಅಂದುಕೊಳ್ಳಿ. 5ನೇ ತಿಂಗಳ ಕೊನೆಗೆ 1 ಕೋಟಿ ಮೌಲ್ಯದ ಕೆಲಸ ಆಗಬೇಕಿತ್ತು, ಖರ್ಚಾದದ್ದೂ 1 ಕೋಟಿ. ಖರ್ಚನ್ನಷ್ಟೇ ನೋಡಿದರೆ ಎಲ್ಲ ಹಸಿರು. ಆದರೆ ಅಳತೆ ಪುಸ್ತಕ ತೆಗೆದು ನೋಡಿದರೆ ಮುಗಿದ ಕೆಲಸದ ಮೌಲ್ಯ 80 ಲಕ್ಷ ಮಾತ್ರ. 80ನ್ನು 100ರಿಂದ ಭಾಗಿಸಿದರೆ 0.80. ಖರ್ಚಾದ ಪ್ರತಿ ರೂಪಾಯಿಗೆ 80 ಪೈಸೆ ಕೆಲಸ ಬಂದಿದೆ ಎಂದರ್ಥ. ಇದೇ ಗತಿಯಲ್ಲಿ ಹೋದರೆ ಕಟ್ಟಡಕ್ಕೆ 2.5 ಕೋಟಿ ಬೇಕು.

0.95ಕ್ಕಿಂತ ಮೇಲೆ ಹಸಿರು, 0.85ರವರೆಗೆ ಹಳದಿ, ಅದರ ಕೆಳಗೆ ಕೆಂಪು ಎಂದು ಶುರುವಿನಲ್ಲೇ ಬರೆದಿಟ್ಟಿದ್ದರೆ ಇಲ್ಲಿ ವಾದಕ್ಕೆ ಜಾಗವೇ ಇಲ್ಲ. ಗಡಿ ಎಲ್ಲಿರಬೇಕು ಅನ್ನೋದು ನಿಮ್ಮ ಕೆಲಸಕ್ಕೆ ಬಿಟ್ಟದ್ದು. ತಿಂಗಳು ಮುಗಿದ ಮೇಲೆ ಅದನ್ನು ಸರಿಸಬಾರದು, ಅಷ್ಟೇ.

ಮೋಸ ನುಸುಳುವುದು "90 ಪರ್ಸೆಂಟ್ ಆಗಿದೆ" ಎಂಬ ಮಾತಿನಲ್ಲಿ. ಪ್ಲಂಬಿಂಗ್ ಮೂರು ವಾರದಿಂದ 90ರಲ್ಲೇ ನಿಂತಿದ್ದರೆ ಆ ಅಂಕಿ ಬರೀ ಅಂದಾಜು. ಕೆಲಸವನ್ನು ಎರಡು ವಾರದೊಳಗೆ ಮುಗಿಯುವ ತುಂಡುಗಳಾಗಿ ಒಡೆಯಿರಿ. ನೀರು ಬಿಟ್ಟು ಪರೀಕ್ಷಿಸಿದ ಮಹಡಿಗೆ ಪೂರ್ತಿ ಅಂಕ, ಉಳಿದವಕ್ಕೆ ಸೊನ್ನೆ. ಕೆಂಪು ಚೌಕದ ಪಕ್ಕದಲ್ಲಿ ಒಂದು ಸಾಲು ಇರಲಿ: ಕಾರಣ ಏನು, ಯಾರು ಸರಿಮಾಡುತ್ತಾರೆ, ಯಾವ ತಾರೀಖಿಗೆ.