ಪಂಚಮದಲ್ಲಿ ನೀಚ ಬುಧ: ಪಚ್ಚೆ ಕೊಳ್ಳುವ ಮೊದಲು

ಪ್ರಶ್ನೆ: ನನ್ನ ಏಳು ವರ್ಷದ ಮಗಳ ಜಾತಕದಲ್ಲಿ ಬುಧ ಐದನೇ ಮನೆಯಲ್ಲಿ ನೀಚನಾಗಿ, ಅಸ್ತಂಗತನೂ ಆಗಿದ್ದಾನೆ. ಅವಳಿಗೆ ವಿದ್ಯೆ ಹತ್ತುವುದಿಲ್ಲವೇ? ಪಚ್ಚೆ ಹಾಕಿಸಬೇಕೇ?

ಪಂಚಮದಲ್ಲಿ ನೀಚ ಬುಧ ಎಂದ ಮೇಲೆ ಆ ಮನೆ ಮೀನ, ಲಗ್ನ ವೃಶ್ಚಿಕ. ನನ್ನ ಮಗನದ್ದೂ ಇದೇ ಜಾತಕ. 2003ರ ಮಾರ್ಚ್ ಕೊನೆಯ ವಾರದಲ್ಲಿ, ರಾತ್ರಿ ಹತ್ತರ ಹೊತ್ತಿಗೆ ಬೆಂಗಳೂರಿನಲ್ಲೇ ಹುಟ್ಟಿದವನು. ರವಿ ಮೀನದ ಹನ್ನೆರಡನೇ ಡಿಗ್ರಿಯ ಆಚೆ, ಬುಧ ಅವನಿಂದ ಸುಮಾರು ಆರು ಡಿಗ್ರಿ ದೂರದಲ್ಲಿ. ಹದಿನಾಲ್ಕು ಡಿಗ್ರಿಯೊಳಗೆ ಬಂದ ಬುಧನನ್ನು ಅಸ್ತಂಗತನೆನ್ನುತ್ತಾರೆ. ಬಸವನಗುಡಿಯ ಜ್ಯೋತಿಷಿಯೊಬ್ಬರು ಕುಂಡಲಿಯನ್ನು ನೋಡಿದ ಕೂಡಲೇ, ‘ಹುಡುಗನಿಗೆ ಲೆಕ್ಕ ಹತ್ತುವುದಿಲ್ಲ, ಪಚ್ಚೆ ಹಾಕಿಸಿ’ ಎಂದರು. ಹುಡುಗ ಪಕ್ಕದಲ್ಲೇ ಕುಳಿತಿದ್ದ.

ಆಗ ಅವನು ಮೂರನೇ ತರಗತಿ. ಬೋರ್ಡಿನ ಮೇಲೆ 27 ಎಂದಿದ್ದರೆ ಪುಸ್ತಕದಲ್ಲಿ 72 ಎಂದು ಬರೆದುಕೊಂಡು ಬರುತ್ತಿದ್ದ. ಬಾಯಲ್ಲಿ ಕೇಳಿದ ಲೆಕ್ಕಕ್ಕೆ ಮಾತ್ರ ಸರಿಯಾದ ಉತ್ತರ ಕೊಡುತ್ತಿದ್ದ. ಈ ವ್ಯತ್ಯಾಸವನ್ನು ಶಾಲೆಯ ಮೇಡಂ ನಮ್ಮ ಗಮನಕ್ಕೆ ತಂದಾಗಲೂ ನಾನು, ‘ಬುಧ ನೀಚ, ಏನು ಮಾಡುವುದು’ ಎಂದುಬಿಟ್ಟೆ. ಕಾರಣ ಆಗಲೇ ಸಿಕ್ಕಿದೆ ಎಂದುಕೊಂಡವನು ಬೇರೆ ಕಾರಣವನ್ನು ಹುಡುಕುವುದಿಲ್ಲ; ನನ್ನಿಂದ ಆದದ್ದು ಅದೇ. ಉಂಗುರ ಹಾಕಿಸಿ, ಬುಧವಾರದಂದು ಹೆಸರುಕಾಳು ದಾನ ಕೊಟ್ಟು, ಫಲಕ್ಕಾಗಿ ಕಾದೆವು. ಕೊನೆಗೆ ನಿಮ್ಹಾನ್ಸ್‌ನಲ್ಲಿ ತಪಾಸಣೆ ಮಾಡಿಸಿದಾಗ ಅವನದು ಕಲಿಕಾ ನ್ಯೂನತೆಯೆಂದು ತಿಳಿಯಿತು. ಅಷ್ಟರಲ್ಲಿ ಅವನು ಹೈಸ್ಕೂಲಿನಲ್ಲಿದ್ದ. ಮೊದಲೇ ವಿಶೇಷ ಪಾಠ ಸಿಕ್ಕಿದ್ದರೆ ಹಿಡಿತಕ್ಕೆ ಬರಬಹುದಾಗಿದ್ದ ಗಣಿತ ಆಗ ಅವನಿಗೆ ಭಯವಾಗಿಬಿಟ್ಟಿತ್ತು.

ಶಾಸ್ತ್ರದ ಪ್ರಕಾರ ನೋಡಿದರೂ ಆ ತೀರ್ಪು ಅರ್ಧಂಬರ್ಧದ್ದು ಎಂಬುದು ಆಮೇಲೆ ನಾನೇ ಓದಿದಾಗ ತಿಳಿಯಿತು. ಪಂಚಮವನ್ನು ನೋಡುವಾಗ ಅಲ್ಲಿ ಕುಳಿತ ಗ್ರಹಕ್ಕಿಂತ ಮೊದಲು ಆ ಮನೆಯ ಅಧಿಪತಿಯನ್ನು ನೋಡಬೇಕು. ಮೀನದ ಅಧಿಪತಿ ಗುರು. ಮಗನ ಜಾತಕದಲ್ಲಿ ಅವನು ಕರ್ಕಾಟಕದಲ್ಲಿ, ಎಂದರೆ ತನ್ನ ಉಚ್ಚರಾಶಿಯಲ್ಲಿ, ಭಾಗ್ಯಸ್ಥಾನದಲ್ಲಿದ್ದು ಒಂಬತ್ತನೇ ದೃಷ್ಟಿಯಿಂದ ಪಂಚಮವನ್ನೇ ನೋಡುತ್ತಿದ್ದಾನೆ. ಚಂದ್ರ ಮಕರದಲ್ಲಿರುವುದರಿಂದ ಚಂದ್ರನಿಂದ ಗುರು ಏಳನೆಯವನು, ಅಂದರೆ ಕೇಂದ್ರದಲ್ಲಿದ್ದಾನೆ. ನೀಚರಾಶಿಯ ಅಧಿಪತಿ ಚಂದ್ರನಿಂದ ಕೇಂದ್ರದಲ್ಲಿದ್ದರೆ ನೀಚಭಂಗವೆಂದು ಶಾಸ್ತ್ರವೇ ಹೇಳುತ್ತದೆ. ಇನ್ನು ದಶೆ: ಶ್ರವಣ ನಕ್ಷತ್ರದಲ್ಲಿ ಹುಟ್ಟಿದವನಿಗೆ ಚಂದ್ರ, ಕುಜ, ರಾಹು, ಗುರು, ಶನಿ ಎಲ್ಲರೂ ಮುಗಿದ ಮೇಲೆ ಬುಧನ ಮಹಾದಶೆ ಬರುತ್ತದೆ. ಇವನಿಗೆ ಅದು ಅರವತ್ತು ದಾಟಿದ ಮೇಲೆ. ಶಾಲೆಯ ವರ್ಷಗಳಲ್ಲಿ ಬುಧನ ಪಾತ್ರ ಆಗಾಗ ಬಂದುಹೋಗುವ ಭುಕ್ತಿಗಳಷ್ಟೇ.

ಪಚ್ಚೆಯ ವಿಷಯ ಇನ್ನೂ ವಿಚಿತ್ರ. ವೃಶ್ಚಿಕ ಲಗ್ನಕ್ಕೆ ಬುಧ ಎಂಟು ಮತ್ತು ಹನ್ನೊಂದನೇ ಮನೆಗಳ ಅಧಿಪತಿ. ರತ್ನ ಹಾಕುವುದು ಗ್ರಹಕ್ಕೆ ಬಲ ಕೊಡಲೆಂದಾದರೆ, ಅಷ್ಟಮಾಧಿಪತಿಗೆ ಬಲ ತುಂಬುವ ಸಲಹೆ ಅದೇ ಶಾಸ್ತ್ರದ ಲೆಕ್ಕದಲ್ಲೂ ನಿಲ್ಲುವುದಿಲ್ಲ.

ಆದ್ದರಿಂದ ‘ವಿದ್ಯೆ ಹತ್ತುತ್ತದೆಯೇ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬುಧ ಸೂರ್ಯನಿಂದ 28 ಡಿಗ್ರಿಗಿಂತ ದೂರ ಹೋಗುವವನೇ ಅಲ್ಲ. ಅವನು ಅಸ್ತಂಗತನಾಗಿರುವುದು ಅಪರೂಪದ ದೋಷವೇನಲ್ಲ. ಒಂದು ಲಗ್ನ ಸುಮಾರು ಎರಡು ಗಂಟೆ ಇರುತ್ತದೆ. ಮಗ ಹುಟ್ಟಿದ ಆ ರಾತ್ರಿ ಆ ಎರಡು ಗಂಟೆಯಲ್ಲಿ ಈ ಊರಿನ ಹೆರಿಗೆ ಆಸ್ಪತ್ರೆಗಳಲ್ಲಿ ಹುಟ್ಟಿದ ಅಷ್ಟೂ ಮಕ್ಕಳಿಗೆ ಪಂಚಮದಲ್ಲಿ ಇದೇ ನೀಚ ಬುಧ. ಅವರೆಲ್ಲರ ಅಂಕಪಟ್ಟಿಯೂ ಒಂದೇ ಆಗಲು ಸಾಧ್ಯವೇ? ಇನ್ನೂ ಸೂಕ್ಷ್ಮವಾಗಿ ನೋಡುತ್ತೇವೆಂದು ಕೆಲವರು ವಿದ್ಯೆಗೆ ಹೇಳಿದ ಚತುರ್ವಿಂಶಾಂಶವನ್ನು ತೆಗೆಯುತ್ತಾರೆ. ಅದರಲ್ಲಿ ಒಂದೊಂದು ಭಾಗವೂ ಒಂದೂಕಾಲು ಡಿಗ್ರಿ. ಲಗ್ನ ಅಷ್ಟು ದೂರ ಸರಿಯಲು ಐದು ನಿಮಿಷ ಸಾಕು. ಆಸ್ಪತ್ರೆಯ ಚೀಟಿಯಲ್ಲಿ ನರ್ಸ್ ಬರೆದ ಸಮಯ ಅಷ್ಟು ಖಚಿತವೇ ಎಂದು ಮೊದಲು ವಿಚಾರಿಸಿ.

ಮಗಳು ಓದುವಾಗ ಅಕ್ಷರ, ಅಂಕಿಗಳನ್ನು ಮೇಲಿಂದ ಮೇಲೆ ಅದಲುಬದಲು ಮಾಡುತ್ತಿದ್ದರೆ, ಮೊದಲು ಕಣ್ಣು ಮತ್ತು ಕಿವಿಯ ಪರೀಕ್ಷೆ ಮಾಡಿಸಿ, ನಂತರ ಕಲಿಕೆಯ ತಪಾಸಣೆಗೆ ಕರೆದೊಯ್ಯಿರಿ. ಅಲ್ಲಿ ಸಿಗುವ ಪ್ರಮಾಣಪತ್ರ ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಪಡೆಯಲು ಬೇಕಾಗುತ್ತದೆ. ಜಾತಕ ತೋರಿಸಲೇಬೇಕೆಂದಿದ್ದರೆ ಮಗಳನ್ನು ಮನೆಯಲ್ಲಿ ಬಿಟ್ಟು ಹೋಗಿ. ಗುರು ಎಲ್ಲಿದ್ದಾನೆ, ಮುಂದಿನ ಹತ್ತು ವರ್ಷ ಯಾರ ದಶೆ ಎಂದು ಕೇಳಿ. ಈ ಎರಡಕ್ಕೂ ಉತ್ತರ ಕೊಡದೆ ಜ್ಯೋತಿಷಿಗಳು ಕಲ್ಲಿನ ಬೆಲೆ ಹೇಳಲು ಶುರು ಮಾಡಿದರೆ ದಕ್ಷಿಣೆ ಇಟ್ಟು ಎದ್ದು ಬನ್ನಿ.